ಕಿಲಾಡಿ 420 ಹೋದ, ಸ್ಟಾರ್‌ಗಳು ಉಳಿದವು

ಅಕ್ಕನ ಮಗ ಹಾಸನದಲ್ಲಿ ಪಿಯುಸಿ ಓದುತ್ತಿದ್ದಾಗ, 2016ರಲ್ಲಿ, ಗಿಟ್‌ಹಬ್‌ನಲ್ಲಿ ಒಂದು ಖಾತೆ ತೆರೆದಿದ್ದ. ಇಟ್ಟುಕೊಂಡ ಯೂಸರ್‌ನೇಮ್‌ನ ಮೊದಲಲ್ಲಿ ‘ಕಿಲಾಡಿ’ ಇತ್ತು, ಕೊನೆಯಲ್ಲಿ 420 ಇತ್ತು. ನಡುವೆ ಏನಿತ್ತು ಅಂತ ಇಲ್ಲಿ ಬರೆದರೆ ಅವನು ಯುಗಾದಿಗೂ ನಮ್ಮನೆಗೆ ಬರುವುದಿಲ್ಲ.

ಹುಡುಗ ಬೆಳೆದ, ಖಾತೆಯೂ ಬೆಳೆಯಿತು. ಡಿಟಿಪಿ ಅಂಗಡಿಗಳಲ್ಲಿ, ಕಚೇರಿಗಳಲ್ಲಿ ಹಳೆಯ ನುಡಿ ಫಾಂಟ್‌ನಲ್ಲಿ ಟೈಪಾಗಿ ಬಿದ್ದಿರುವ ಕಡತಗಳನ್ನು ಯುನಿಕೋಡ್‌ಗೆ ತಿರುಗಿಸುವ ಒಂದು ಪುಟ್ಟ ತಂತ್ರಾಂಶ ಬರೆದ. ಅದಕ್ಕೆ 212 ಜನ ಸ್ಟಾರ್ ಒತ್ತಿದರು, ಅವನನ್ನು 140 ಜನ ಫಾಲೋ ಮಾಡಿದರು. ದೊಡ್ಡ ಸಂಖ್ಯೆಯೇನಲ್ಲ. ಆದರೆ ಕೆಲಸ ಬದಲಿಸಲು ಹೊರಟ ಎಂಜಿನಿಯರನಿಗೆ ಅದು ಅಂಕಪಟ್ಟಿಗಿಂತ ಮೇಲು. ಕಳೆದ ವರ್ಷ ವಿಡಿಯೊ ಸಂದರ್ಶನವೊಂದರಲ್ಲಿ ಎದುರಿಗಿದ್ದವರು ಅವನ ರೆಸ್ಯೂಮೆಯಲ್ಲಿದ್ದ ಲಿಂಕನ್ನು ಒಂದೊಂದೇ ಅಕ್ಷರ ಬಿಡಿಸಿ ಗಟ್ಟಿಯಾಗಿ ಓದಿದರಂತೆ. ‘ಫೋರ್ ಟ್ವೆಂಟಿ’ ಅನ್ನುವಾಗ ಅವರಿಗೆ ನಗು ತಡೆಯಲಾಗಲಿಲ್ಲವಂತೆ. ಅವತ್ತು ರಾತ್ರಿ ನನಗೆ ಫೋನ್ ಬಂತು.

“ಮಾವ, ಈ ಅಕೌಂಟ್ ಡಿಲೀಟ್ ಮಾಡಿ ಹೊಸದು ಮಾಡ್ಕೊಂಡ್ಬಿಡ್ಲಾ?”

“ಮುಟ್ಬೇಡ ಕಣೋ. ಭಾನುವಾರ ಮೈಸೂರಿಗೆ ಬಾ, ಕೂತು ನೋಡೋಣ” ಅಂದೆ.

ಹೊಸ ಖಾತೆ ತೆರೆಯುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಎಲ್ಲಕ್ಕಿಂತ ದುಬಾರಿಯೂ ಅದೇ. ಗಿಟ್‌ಹಬ್‌ನಲ್ಲಿ ಒಂದು ರೆಪೊವನ್ನು ಅದರ ಸ್ಟಾರ್‌ಗಳ ಸಮೇತ ಇನ್ನೊಂದು ಖಾತೆಗೆ ವರ್ಗಾಯಿಸಬಹುದು. (ರೆಪೊಸಿಟರಿ ಅನ್ನುವುದನ್ನು ಆ ಊರಿನವರೆಲ್ಲ ರೆಪೊ ಅನ್ನುತ್ತಾರೆ, ತಂತ್ರಾಂಶದ ಕಡತಗಳು, ಅವುಗಳ ತಿದ್ದುಪಡಿಯ ಇಡೀ ಇತಿಹಾಸ ಅದರಲ್ಲಿರುತ್ತದೆ.) ಆದರೆ ಫಾಲೋವರ್‌ಗಳನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಸಾಗಿಸುವ ಗುಂಡಿ ಅಲ್ಲಿಲ್ಲ. 140 ಜನರೂ ತಾವಾಗಿಯೇ ಹುಡುಕಿಕೊಂಡು ಬರಬೇಕು. ಬರುವುದಿಲ್ಲ.

ಹಾಗೆ ಸಾಗಿಸುವ ಅಗತ್ಯವೂ ಇಲ್ಲ, ನಮ್ಮ ಊರುಗಳನ್ನೇ ನೋಡಿ. 2014ರ ನವೆಂಬರ್ 1ರಂದು ಕರ್ನಾಟಕದ 12 ಊರುಗಳ ಹೆಸರು ಬದಲಾಗಿ ಬ್ಯಾಂಗಲೋರ್ ಬೆಂಗಳೂರಾಯಿತು. ಆಮೇಲೆ ಸಿಟಿ ರೈಲು ನಿಲ್ದಾಣಕ್ಕೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು ಬಂತು. ಇಷ್ಟೆಲ್ಲ ಆದರೂ ಟಿಕೆಟ್ ತೆಗೆದು ನೋಡಿ, ನಿಲ್ದಾಣದ ಸಂಕೇತ ಇವತ್ತಿಗೂ SBC. ಬೋರ್ಡು ಬದಲಾದರೂ ರೈಲ್ವೆಯ ಲೆಕ್ಕದ ಪುಸ್ತಕದಲ್ಲಿ ಆ ಮೂರಕ್ಷರ ಹಾಗೇ ಇದ್ದುದರಿಂದ ಯಾವ ರೈಲೂ ದಾರಿ ತಪ್ಪಲಿಲ್ಲ. ಗಿಟ್‌ಹಬ್‌ನ ಖಾತೆಗಳೂ ಹೀಗೇ. ನಮಗೆ ಕಾಣುವ ಹೆಸರಿನ ಹಿಂದೆ ಒಂದು ಅಂಕೆ ಇರುತ್ತದೆ. ಯಾರು ಬೇಕಾದರೂ ನೋಡಬಹುದು:

```
curl -s https://api.github.com/users/octocat
```

ಆಕ್ಟೊಕ್ಯಾಟ್ ಅನ್ನುವುದು ಗಿಟ್‌ಹಬ್‌ನ ಮುದ್ದಿನ ಬೆಕ್ಕಿನ ಖಾತೆ. ಬರುವ ಉತ್ತರದಲ್ಲಿ `"login": "octocat"` ಎಂಬ ಸಾಲಿದೆ, ಅದರ ಕೆಳಗೆ `"id": 583231` ಎಂದಿದೆ. ಮೇಲಿನದು ಬೋರ್ಡು, ಕೆಳಗಿನದು ಮನೆ. ಫಾಲೋವರ್, ಸ್ಟಾರ್, ಹಳೆಯ ಚರ್ಚೆಗಳಲ್ಲಿ ಬರೆದ ಮಾತು ಎಲ್ಲವೂ ಆ ಅಂಕೆಗೆ ಅಂಟಿಕೊಂಡಿರುತ್ತವೆ. ಹಾಗಾಗಿ ಒಳಗಿನಿಂದಲೇ ಹೆಸರು ಬದಲಿಸಿದರೆ 140 ಜನ ಕೂತ ಕಡೆಯೇ ಕೂತಿರುತ್ತಾರೆ, ಅವರಿಗೆ ಒಂದು ಸೂಚನೆ ಕೂಡ ಹೋಗುವುದಿಲ್ಲ. ಒಂದು ದಿನ ಅವರ ಪಟ್ಟಿಯಲ್ಲಿ ಕಿಲಾಡಿಯ ಜಾಗದಲ್ಲಿ ಯಾವುದೋ ಸಭ್ಯ ಹೆಸರು ಕಾಣುತ್ತದೆ, ಅಷ್ಟೆ.

ತಾಪತ್ರಯ ಇರುವುದು ಹೆಸರನ್ನೇ ವಿಳಾಸ ಎಂದು ನಂಬಿ ಹೊರಗಡೆ ಬರೆದಿಟ್ಟ ಕಡೆಗಳಲ್ಲಿ. ಭಾನುವಾರ ಬೆಳಿಗ್ಗೆ ಅಕ್ಕ ಕಟ್ಟಿಕೊಟ್ಟ ಅಕ್ಕಿರೊಟ್ಟಿ ಸಮೇತ ಹುಡುಗ ಬಂದ. ಹೆಸರಿಗೆ ಕೈಹಾಕುವ ಮೊದಲು ಅವನ ಕೈಯಲ್ಲಿ ಇದನ್ನು ಓಡಿಸಿದೆ:

```
git log --format='%ae' | sort | uniq -c
```

ಒಂದು ರೆಪೊದೊಳಗೆ ಯಾವ ಯಾವ ಇಮೇಲ್‌ನಿಂದ ಎಷ್ಟೆಷ್ಟು ಕಮಿಟ್ ಆಗಿವೆ ಎಂದು ಇದು ಎಣಿಸಿ ಕೊಡುತ್ತದೆ. ಗಿಟ್‌ಹಬ್ ‘ಈ ಕೆಲಸ ಇವನದು’ ಎಂದು ಗುರುತಿಸುವುದು ಯೂಸರ್‌ನೇಮ್ ನೋಡಿ ಅಲ್ಲ, ಪ್ರತಿ ಕಮಿಟ್‌ನೊಳಗೆ ಬರೆದಿರುವ ಇಮೇಲ್ ನೋಡಿ. ಪ್ರೊಫೈಲ್‌ನಲ್ಲಿ ಕಾಣುವ ಹಸಿರು ಚೌಕಗಳ ಸಾಲು ಬಹುಪಾಲು ಹುಟ್ಟುವುದೂ ಹೀಗೆಯೇ. ಅವನ ಪಟ್ಟಿಯಲ್ಲಿ ಮೂರು ವಿಳಾಸ ಬಂದವು. ಮೊದಲನೆಯದು ಅವನ ಜಿಮೇಲ್, ಚಿಂತೆಯಿಲ್ಲ. ಎರಡನೆಯದು ಕಾಲೇಜಿನದು. ಖಾತೆಯ ಇಮೇಲ್ ಪಟ್ಟಿಯಲ್ಲಿ ಅದು ಇನ್ನೂ ಇದ್ದುದರಿಂದ ಅದಕ್ಕೂ ಚಿಂತೆಯಿಲ್ಲ. ಮೂರನೆಯದು ಮಾತ್ರ ಕಾಲಿಗೆ ತೊಡರುವಂಥದು.

ಸ್ವಂತ ಇಮೇಲ್ ಬಯಲಾಗದಿರಲೆಂದು ಗಿಟ್‌ಹಬ್ ತಾನೇ ಒಂದು ಮರೆಯ ವಿಳಾಸ ಕೊಡುತ್ತದೆ. 2017ರ ಜುಲೈ 18ರ ನಂತರ ತೆರೆದ ಖಾತೆಗಳಿಗೆ ಅದು ಅಂಕೆ ಮತ್ತು ಹೆಸರು ಸೇರಿದ ರೂಪದಲ್ಲಿರುತ್ತದೆ. ಬೆಕ್ಕಿನ ಖಾತೆಯನ್ನೇ ಉದಾಹರಣೆಗೆ ತಗೊಂಡರೆ `583231+octocat@users.noreply.github.com` ಎಂಬಂತೆ. ಹೆಸರು ಬದಲಾದರೂ ಅಂಕೆ ಇರುವುದರಿಂದ ಕಮಿಟ್ ಕಳೆದುಹೋಗುವುದಿಲ್ಲ. ಅದಕ್ಕೂ ಮೊದಲೇ ಈ ಸೌಲಭ್ಯ ಹಾಕಿಕೊಂಡವರಿಗೆ ಸಿಕ್ಕಿದ್ದು ಅಂಕೆಯಿಲ್ಲದ, ಬರೀ ಹೆಸರಿನ ವಿಳಾಸ. ಹೆಸರು ಹೋದ ದಿನ ಆ ವಿಳಾಸವೂ ಅನಾಥ, ಅದರಲ್ಲಿ ಬರೆದ ಕಮಿಟ್‌ಗಳೂ ಅನಾಥ. ಹಸಿರು ಚೌಕಗಳ ಲೆಕ್ಕದಿಂದ ಅವು ಬಿದ್ದುಹೋಗುತ್ತವೆ. ನಮ್ಮ ಹುಡುಗನ ಖಾತೆ 2016ರದು. ಅಂಥವು 61 ಇದ್ದವು.

ಇತಿಹಾಸವನ್ನೇ ತಿದ್ದಿ ಬರೆದರೆ ಅವನ್ನು ಉಳಿಸಿಕೊಳ್ಳಬಹುದು, ಅದಕ್ಕೆ ಸಲಕರಣೆಗಳಿವೆ. ಆದರೆ ಒಂದು ಕಮಿಟ್ ತಿದ್ದಿದರೆ ಅದರ ಗುರುತಿನ ಸಂಕೇತ ಬದಲಾಗುತ್ತದೆ, ಅದರ ಮುಂದಿನ ಅಷ್ಟೂ ಕಮಿಟ್‌ಗಳದ್ದೂ ಬದಲಾಗುತ್ತದೆ. ಅವನ ರೆಪೊವನ್ನು ತಮ್ಮ ಗಣಕಕ್ಕೆ ಇಳಿಸಿಕೊಂಡು ತಿದ್ದುತ್ತಿರುವವರೆಲ್ಲರ ಪ್ರತಿಗಳೂ ಮೂಲಕ್ಕೆ ತಾಳೆಯಾಗದೆ ನಿಲ್ಲುತ್ತವೆ. 61 ಕಮಿಟ್‌ಗಳಿಗಾಗಿ ಅಷ್ಟು ಜನರ ಶಾಪ ಏಕೆ? ಅವೂ ಪಿಯುಸಿ ಹುಡುಗ ಕೋಡ್ ಕಲಿಯುವಾಗ ಬರೆದವು. ಬಿಟ್ಟುಬಿಡು ಅಂದೆ. ಮುಂದಿನವಾದರೂ ತಪ್ಪದಿರಲೆಂದು ಇಮೇಲ್ ಸೆಟ್ಟಿಂಗ್‌ನಲ್ಲಿ `Keep my email addresses private` ಎಂಬ ಗುರುತನ್ನು ಒಮ್ಮೆ ತೆಗೆದು ಮತ್ತೆ ಹಾಕಿಸಿದೆ. ಹಾಗೆ ಮಾಡಿದರೆ ಹಳಬರಿಗೂ ಅಂಕೆಯ ವಿಳಾಸ ಸಿಗುತ್ತದೆ.

ಹೆಸರು ಬದಲಿಸುವ ಕೆಲಸ ಚಿಕ್ಕದು. `Settings`, ಅದರೊಳಗೆ `Account`, ಅಲ್ಲಿ `Change username`. ಅಕ್ಷರ, ಅಂಕೆ, ನಡುವೆ ಒಂಟಿ ಹೈಫನ್, ಒಟ್ಟು 39 ಅಕ್ಷರದೊಳಗೆ. ತನ್ನ ಹೆಸರು, ಹೈಫನ್, ಊರಿನ ಮೊದಲಕ್ಷರ ಇಷ್ಟನ್ನು ಹುಡುಗ ಆರಿಸಿಕೊಂಡಿದ್ದ. ಇಲ್ಲಿಂದ ಮುಂದೆ ಹೊಸದನ್ನು `hosa-hesaru` ಎಂದೂ ಹಳೆಯದನ್ನು `hale-hesaru` ಎಂದೂ ಬರೆಯುತ್ತೇನೆ.

ಗುಂಡಿ ಒತ್ತುವ ಮೊದಲು ಬ್ರೌಸರ್‌ನಲ್ಲಿ ಇನ್ನೊಂದು ಟ್ಯಾಬ್ ತೆರೆಸಿಟ್ಟಿದ್ದೆ, ಹೊಸ ಆರ್ಗನೈಸೇಷನ್ ಮಾಡುವ ಪುಟ. ಯಾಕೆಂದು ಹೇಳಬೇಕು. ಗಿಟ್‌ಹಬ್‌ನಲ್ಲಿ ನಾವು ಬಿಟ್ಟುಕೊಟ್ಟ ಹೆಸರು ನಮ್ಮದಾಗಿ ಉಳಿಯುವುದಿಲ್ಲ, ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಹಳೆಯ ರೆಪೊ ಲಿಂಕ್ ಒತ್ತಿದವರನ್ನು ಗಿಟ್‌ಹಬ್ ತಾನಾಗಿಯೇ ಹೊಸ ವಿಳಾಸಕ್ಕೆ ಕಳಿಸುತ್ತದೆ, ನಿಜ. ಆದರೆ ಹಳೆಯ ಹೆಸರನ್ನು ಎತ್ತಿಕೊಂಡವನು ಅದೇ ಹೆಸರಿನ ರೆಪೊವನ್ನೂ ತೆರೆದರೆ ಆ ದಾರಿ ಮುಚ್ಚುತ್ತದೆ, ಜನ ನೇರ ಅವನ ಅಂಗಳಕ್ಕೆ ಹೋಗಿ ನಿಲ್ಲುತ್ತಾರೆ. ಅವನು ಅಲ್ಲಿ ಏನಿಟ್ಟಿದ್ದಾನೋ ಅದನ್ನೇ ನಮ್ಮದೆಂದು ನಂಬಿ ಇಳಿಸಿಕೊಳ್ಳುತ್ತಾರೆ.

ಇದು ಬರೀ ಅಂಜಿಕೆಯಲ್ಲ. ಗೋ ಭಾಷೆಯವರು ಬಹಳ ಬಳಸುತ್ತಿದ್ದ `go-bindata` ಎಂಬ ಸಲಕರಣೆಯ ಲೇಖಕ ತನ್ನ ಖಾತೆ ಅಳಿಸಿ ಹೋದರು. 2018ರ ಫೆಬ್ರುವರಿಯಲ್ಲಿ ನೋಡಿದರೆ ಬೇರೆ ಯಾರೋ ಅದೇ ಹೆಸರಿನ ಖಾತೆ ತೆರೆದು ಅದೇ ರೆಪೊ ಇಟ್ಟಿದ್ದರು. 2022ರ ಮೇನಲ್ಲಿ `phpass` ಎಂಬ ಪಿಎಚ್‌ಪಿ ಪ್ಯಾಕೇಜಿನ ಕತೆ ಇನ್ನೂ ಕೆಟ್ಟದು. ಅಳಿಸಿಹೋದ ಖಾತೆಯ ಹೆಸರನ್ನು ಎತ್ತಿಕೊಂಡವನು ಬಳಕೆದಾರರ ಅಮೆಜಾನ್ ಕ್ಲೌಡ್ ಕೀಲಿಗಳನ್ನು ಕದಿಯುವ ಸಾಲುಗಳನ್ನೇ ಅದರಲ್ಲಿ ಸೇರಿಸಿಬಿಟ್ಟಿದ್ದ. ಇದಕ್ಕೆ ಗಿಟ್‌ಹಬ್ ಒಂದು ತಡೆ ಇಟ್ಟಿದೆ. ಹೆಸರು ಬದಲಿಸುವ ಹಿಂದಿನ ವಾರದಲ್ಲಿ ರೆಪೊವೊಂದು ನೂರಕ್ಕಿಂತ ಹೆಚ್ಚು ಸಲ ಕ್ಲೋನ್ ಆಗಿದ್ದರೆ, ಆ ಖಾತೆ ಮತ್ತು ಆ ರೆಪೊದ ಹೆಸರಿನ ಜೋಡಿಯನ್ನು ಬೇರೆ ಯಾರೂ ಮತ್ತೆ ಬಳಸದಂತೆ ಅದು ಶಾಶ್ವತವಾಗಿ ಬೀಗ ಹಾಕುತ್ತದೆ. ನುಡಿ ಪರಿವರ್ತಕಕ್ಕೆ ವಾರಕ್ಕೆ ನೂರು ಜನ ಎಲ್ಲಿಂದ ಬರಬೇಕು? ನಮ್ಮಂಥ ಸಣ್ಣವರ ಕಾವಲು ನಾವೇ ಕಾಯಬೇಕು.

ಇನ್ನೊಂದು ಉಚಿತ ಖಾತೆ ತೆರೆದು ಹೆಸರನ್ನು ಹಿಡಿದಿಟ್ಟರಾಯಿತಲ್ಲ ಅಂತ ಬಹಳ ಜನ ಮಾಡುತ್ತಾರೆ. ಒಬ್ಬರಿಗೆ ಒಂದೇ ಉಚಿತ ಖಾತೆ ಎಂಬುದು ಗಿಟ್‌ಹಬ್‌ನ ಷರತ್ತು, ಹಾಗಾಗಿ ಅದು ಬೇಡ. ಆರ್ಗನೈಸೇಷನ್ ಮಾಡಲು ಅಡ್ಡಿಯಿಲ್ಲ, ಅದು ಖಾತೆಯಡಿಯ ಸಂಸ್ಥೆ, ದುಡ್ಡೂ ಬೇಡ. ಅದರಲ್ಲಿ ಯಾರು ಸದಸ್ಯರು ಎಂಬುದು ನಾವಾಗಿ ತೋರಿಸದ ಹೊರತು ಹೊರಗಿನವರಿಗೆ ಕಾಣುವುದೂ ಇಲ್ಲ. ನಮ್ಮ ಹುಡುಗನಿಗೆ ಬೇಕಾದದ್ದು ಇದೇ. ಒಂದು ಟ್ಯಾಬ್‌ನಲ್ಲಿ ಹೆಸರು ಬದಲಾಯಿಸಿದ, ಕಾಫಿ ಲೋಟ ಕೆಳಗಿಡುವ ಮೊದಲೇ ಇನ್ನೊಂದರಲ್ಲಿ `hale-hesaru` ಎಂಬ ಆರ್ಗನೈಸೇಷನ್ ಹುಟ್ಟಿಸಿದ. ಆ ಅರೆನಿಮಿಷ ಹೆಸರು ಬೀದಿಯಲ್ಲಿ ಬಿದ್ದಿತ್ತು. ಬೇರೆ ಯಾರೂ ಎತ್ತಿಕೊಳ್ಳಲಿಲ್ಲ. ಕಿಲಾಡಿ 420ಕ್ಕೆ ಅಂಥ ಬೇಡಿಕೆಯೇನೂ ಇರಲಿಲ್ಲ ಅನ್ನಿ.

ಆಗ ಅತಿಬುದ್ಧಿ ತೋರಿಸಿದವನು ನಾನು. “ಇದೇ ಆರ್ಗನೈಸೇಷನ್‌ನಲ್ಲಿ ನಿನ್ನ ರೆಪೊ ಹೆಸರಲ್ಲೇ ಒಂದು ಖಾಲಿ ರೆಪೊ ಮಾಡಿ, ‘ಇಲ್ಲಿಂದ ಎದ್ದು ಹೋಗಿದೆ’ ಅಂತ ಬರೆದಿಡೋ” ಅಂದೆ. ಹುಡುಗ ಕೀಬೋರ್ಡ್ ಹಿಂದಕ್ಕೆಳೆದುಕೊಂಡ. “ಮಾವ, ಈಗ ತಾನೇ ನೀವೇ ಹೇಳಿದ್ರಲ್ಲ, ಅದೇ ಹೆಸರಿನ ರೆಪೊ ಬಂದ್ರೆ ದಾರಿ ಮುಚ್ಚುತ್ತೆ ಅಂತ!” ನಮ್ಮ ದಾರಿಗೆ ನಾವೇ ಮುಳ್ಳು ಹಾಕಿಕೊಳ್ಳುವುದು ತಪ್ಪಿತು. ದಾರಿ ತೆರೆದಿದೆಯೇ ಎಂದು ನೋಡಲು ಹೀಗೆ ಕೇಳಿದರೆ ಸಾಕು:

```
curl -sI https://github.com/hale-hesaru/nudi-unicode | head -1
```

ಉತ್ತರದಲ್ಲಿ `301` ಬಂದರೆ ಜನರನ್ನು ಹೊಸ ಮನೆಗೆ ಕಳಿಸುತ್ತಿದೆ ಎಂದರ್ಥ. `200` ಬಂದರೆ ಹಳೆಯ ವಿಳಾಸದಲ್ಲಿ ಬೇರೆ ಯಾರೋ ಸಂಸಾರ ಹೂಡಿದ್ದಾರೆ. `404` ಬಂದರೆ ಅಲ್ಲಿ ಏನೂ ಇಲ್ಲ. ನಮಗೆ `301` ಬಂತು. ಅವನ ಲ್ಯಾಪ್‌ಟಾಪಿನಲ್ಲಿದ್ದ ಪ್ರತಿಗೂ ಹೊಸ ವಿಳಾಸ ಹೇಳಿಕೊಟ್ಟೆವು:

```
git remote set-url origin https://github.com/hosa-hesaru/nudi-unicode.git
```

ರೆಪೊಗಳಿಗೆ ಸಿಗುವ ಈ ಸೌಕರ್ಯ ಪ್ರೊಫೈಲ್ ಪುಟಕ್ಕಿಲ್ಲ. ಹಳೆಯ ಪ್ರೊಫೈಲ್ ಲಿಂಕ್ ಹೊಸದಕ್ಕೆ ಹೋಗುವುದಿಲ್ಲ. ಆರ್ಗನೈಸೇಷನ್ ಮಾಡಿಲ್ಲದಿದ್ದರೆ 404 ಪುಟ ಬರುತ್ತದೆ. ಹಳೆಯ ಚರ್ಚೆಗಳಲ್ಲಿ ಬೇರೆಯವರು @ ಹಾಕಿ ಅವನನ್ನು ಕರೆದ ಕಡೆಯೆಲ್ಲ ಹಳೆಯ ಹೆಸರೇ ಉಳಿಯುತ್ತದೆ. ಆ ಹೆಸರು ಪರರ ಪಾಲಾದರೆ ಆ ಮಾತುಗಳೆಲ್ಲ ಅವರತ್ತ ಬೆರಳು ತೋರಿಸುತ್ತವೆ. ರೆಸ್ಯೂಮೆ, ಲಿಂಕ್ಡ್‌ಇನ್, ಇಮೇಲ್‌ನ ಅಡಿಬರಹ ಎಲ್ಲ ಕೈಯಿಂದಲೇ ತಿದ್ದಬೇಕು, ಬೇರೆ ಮದ್ದಿಲ್ಲ.

ನಮ್ಮನ್ನು ಸಂಜೆವರೆಗೆ ಕೂರಿಸಿದ್ದು ಜಾಲತಾಣ. ಗಿಟ್‌ಹಬ್ ಪ್ರತಿ ಖಾತೆಗೂ `github.io` ಬಾಲದ ಒಂದು ಉಚಿತ ತಾಣ ಕೊಡುತ್ತದೆ, ವಿಳಾಸದ ತಲೆಯಲ್ಲಿ ಯೂಸರ್‌ನೇಮ್ ಇರುತ್ತದೆ. ಪರಿವರ್ತಕವನ್ನು ಬ್ರೌಸರ್‌ನಲ್ಲೇ ಬಳಸುವ ಪುಟವನ್ನು ಅವನು ಅಲ್ಲಿಟ್ಟಿದ್ದ. ಕೋಡ್ ಗೊತ್ತಿಲ್ಲದ, ಗಿಟ್‌ಹಬ್ ಹೆಸರೂ ಕೇಳದ ಡಿಟಿಪಿಯವರು ಬುಕ್‌ಮಾರ್ಕ್ ಮಾಡಿಕೊಂಡಿದ್ದು ಅದನ್ನೇ. ಅವನ ನಿಜವಾದ ಹೆಸರುವಾಸಿ ಇದ್ದದ್ದು ಅಲ್ಲಿ, 212 ಸ್ಟಾರ್‌ಗಳಲ್ಲಲ್ಲ. ಹೆಸರು ಬದಲಾದ ಕೂಡಲೇ ಆ ವಿಳಾಸ ಸತ್ತಿತು. ಇದಕ್ಕೆ ರಿಡೈರೆಕ್ಟ್ ಇಲ್ಲ.

ಹೊಸ ತಾಣವನ್ನು `hosa-hesaru.github.io` ಎಂಬ ರೆಪೊದಲ್ಲಿ ಎಬ್ಬಿಸಿದೆವು. ಹಳೆಯದನ್ನು ಬದುಕಿಸಲು ನೆರವಾದದ್ದು ಕಾವಲಿಗೆ ಕೂರಿಸಿದ್ದ ಅದೇ ಆರ್ಗನೈಸೇಷನ್. ಅದರೊಳಗೆ `hale-hesaru.github.io` ಎಂಬ ಒಂದೇ ಒಂದು ರೆಪೊ ತೆರೆದು, `nudi-unicode` ಎಂಬ ಫೋಲ್ಡರ್ ಮಾಡಿ, ಒಳಗೆ `index.html` ಇಟ್ಟು ಹೀಗೆ ಬರೆದೆವು:

```
<meta http-equiv="refresh"
 content="0; url=https://hosa-hesaru.github.io/nudi-unicode/">
```

ಫೋಲ್ಡರ್ ಎಂಬುದನ್ನು ಗಮನಿಸಿ, ಆ ಹೆಸರಿನ ರೆಪೊ ಅಲ್ಲ. ಜಾಲತಾಣದ ವಿಳಾಸಕ್ಕೆ ಎರಡೂ ಒಂದೇ ಥರ ಕೆಲಸ ಮಾಡುತ್ತವೆ. ರೆಪೊ ಮಾಡಿದ್ದರೆ ಮಾತ್ರ ಬೆಳಿಗ್ಗೆ ಉಳಿಸಿಕೊಂಡ `301` ಸಂಜೆಗೆ ಹೋಗಿರುತ್ತಿತ್ತು. ಐದು ನಿಮಿಷ ಬಿಟ್ಟು ನನ್ನ ಫೋನ್‌ನಲ್ಲಿ ಹಳೆಯ ವಿಳಾಸ ಹಾಕಿದೆ, ಹೊಸ ಪುಟ ತೆರೆಯಿತು. ಹೆಸರು ಹೊತ್ತು ಸುಮ್ಮನೆ ಕೂರುವುದನ್ನು ಗಿಟ್‌ಹಬ್ ನಿಷೇಧಿಸಿದೆ. ಆರ್ಗನೈಸೇಷನ್ ಹೀಗೊಂದು ಕೆಲಸ ಮಾಡುತ್ತಿರುವುದು ಆ ಲೆಕ್ಕದಲ್ಲೂ ಒಳ್ಳೆಯದೇ.

ಪ್ರೊಫೈಲ್ ಚಿತ್ರವನ್ನೂ ಬದಲಿಸಲು ಹೊರಟಿದ್ದ, ತಡೆದೆ. ಫಾಲೋ ಮಾಡುವವರಿಗೆ ಗುರುತಿರುವುದು ಹೆಸರಿಗಿಂತ ಆ ಗುಂಡು ಚಿತ್ರ. ಹೆಸರೂ ಚಿತ್ರವೂ ಒಟ್ಟಿಗೇ ಹೋದರೆ ‘ಇವನ್ಯಾರು, ನಾನ್ಯಾವಾಗ ಫಾಲೋ ಮಾಡಿದೆ’ ಅಂತ ಕಿತ್ತುಹಾಕುತ್ತಾರೆ. ಎರಡು ತಿಂಗಳು ಚಿತ್ರ ಹಾಗೇ ಇರಲಿ ಎಂದೆ. ಇನ್‌ಸ್ಟಾಗ್ರಾಮ್‌ಗೂ ಇದೇ ಮಾತು. ಅಲ್ಲಿಯೂ ಹೆಸರು ಬದಲಿಸಿದರೆ ಫಾಲೋವರ್‌ಗಳು ಹೋಗುವುದಿಲ್ಲ, ಸಾಮಾನ್ಯವಾಗಿ 14 ದಿನದೊಳಗೆ ಮನಸ್ಸು ಬದಲಾದರೆ ಹಳೆಯ ಹೆಸರಿಗೆ ಮರಳಲೂ ಬಿಡುತ್ತಾರೆ. ಎಕ್ಸ್‌ನಲ್ಲೂ ಜನ ಉಳಿಯುತ್ತಾರೆ, ಆದರೆ ನೀಲಿ ಗುರುತಿದ್ದವರಿಗೆ ಮತ್ತೆ ಪರಿಶೀಲನೆ ಮುಗಿಯುವವರೆಗೆ ಅದು ಮಾಯ. ರೆಡ್ಡಿಟ್‌ನಲ್ಲಿ ನೀವಾಗಿ ಆರಿಸಿಕೊಂಡ ಹೆಸರನ್ನು ಬದಲಿಸುವಂತೆಯೇ ಇಲ್ಲ. ಅಲ್ಲಿ ಕೂಡಿಟ್ಟ ಕರ್ಮ ಆ ಹೆಸರಿನೊಂದಿಗೇ ಇರಬೇಕು.

ನಿಜಕ್ಕೂ ಜನರನ್ನು ಸಾಗಿಸಬೇಕಾದ ಜಾಗ ಮಾಸ್ಟಡಾನ್. ಅಲ್ಲಿಯೂ ಹುಡುಗನಿಗೆ ಅದೇ ಹೆಸರಿನ ಖಾತೆಯಿತ್ತು, 90 ಫಾಲೋವರ್‌ಗಳಿದ್ದರು. ಮಾಸ್ಟಡಾನ್ ಒಂದೇ ಕಂಪನಿಯ ಕಟ್ಟಡವಲ್ಲ, ಸಾವಿರಾರು ಸರ್ವರ್‌ಗಳ ಜಾಲ. ಹೆಸರು ಮತ್ತು ಸರ್ವರ್ ಸೇರಿದ್ದೇ ಅಲ್ಲಿ ಗುರುತು, ಅದಕ್ಕೇ ಯೂಸರ್‌ನೇಮ್ ಬದಲಿಸುವ ಗುಂಡಿಯಿಲ್ಲ. ಹೊಸ ಖಾತೆ ತೆರೆಯಬೇಕು. ಹೊಸ ಖಾತೆಯ ಸೆಟ್ಟಿಂಗ್‌ಗೆ ಹೋಗಿ ‘ಆ ಹಳೆಯ ಖಾತೆಯೂ ನಾನೇ’ ಎಂದು ಮೊದಲು ಒಪ್ಪಿಕೊಳ್ಳಬೇಕು, ಅದನ್ನು ಅಲಿಯಾಸ್ ಅನ್ನುತ್ತಾರೆ. ಆಮೇಲೆ ಹಳೆಯ ಖಾತೆಗೆ ಹೋಗಿ ‘ನಾನು ಅಲ್ಲಿಗೆ ಹೋಗುತ್ತೇನೆ’ ಎಂದು ಪಾಸ್‌ವರ್ಡ್ ಕೊಟ್ಟು ಹೇಳಬೇಕು. ಎರಡೂ ಕಡೆಯ ಮಾತು ತಾಳೆಯಾದರೆ ಮಾತ್ರ ಫಾಲೋವರ್‌ಗಳ ಸರ್ವರ್‌ಗಳಿಗೆ ಸುದ್ದಿ ಹೋಗಿ, ಅವು ತಾವಾಗಿಯೇ ಹಳೆಯದನ್ನು ಬಿಟ್ಟು ಹೊಸದನ್ನು ಹಿಡಿಯುತ್ತವೆ. ಬೇರೆಯವರ ಫಾಲೋವರ್‌ಗಳನ್ನು ಯಾರೂ ಹಾರಿಸಿಕೊಂಡು ಹೋಗದಿರಲೆಂದು ಈ ಎರಡು ಬದಿಯ ಸಹಿ.

90ರಲ್ಲಿ ಎರಡು ದಿನದೊಳಗೆ 81 ಜನ ದಾಟಿ ಬಂದರು. ಸರ್ವರ್ ಮುಚ್ಚಿಹೋಗಿದ್ದರೆ ಅಥವಾ ಅಲ್ಲಿಯ ತಂತ್ರಾಂಶಕ್ಕೆ ಈ ಸುದ್ದಿ ಅರ್ಥವಾಗದಿದ್ದರೆ ಅಲ್ಲಿನವರು ಬರುವುದಿಲ್ಲ. ಬರೆದ ಪೋಸ್ಟ್‌ಗಳಂತೂ ಒಂದೂ ಬರುವುದಿಲ್ಲ. ಒಮ್ಮೆ ಹೀಗೆ ಹೊರಟರೆ ಇನ್ನು 30 ದಿನ ಮತ್ತೆ ಹೊರಡುವಂತಿಲ್ಲ. ಹುಡುಗನ ಮುಖ ಸಪ್ಪಗಾದದ್ದು ಬೇರೆ ಕಾರಣಕ್ಕೆ: ಹಳೆಯ ಪುಟ ತೆರೆದವರಿಗೆ ಈಗ ಕಿಲಾಡಿ ಇಂಥಲ್ಲಿಗೆ ಹೋಗಿದ್ದಾನೆ ಎಂಬ ಫಲಕ ಹೊಸ ಹೆಸರಿನ ಸಮೇತ ಕಾಣುತ್ತದೆ. ಪತ್ರಿಕೆಯ ಮೂಲೆಯಲ್ಲಿ ‘ಇನ್ನು ಮುಂದೆ ಇಂಥ ಹೆಸರಿನಿಂದ ಕರೆಯಲ್ಪಡುತ್ತೇನೆ’ ಎಂದು ಜಾಹೀರಾತು ಕೊಟ್ಟವರಿಗೆ ಆಗುವುದೇ ಇದು, ಹೊಸ ಹೆಸರು ಓದಿದವರೆಲ್ಲ ಹಳೆಯದನ್ನೂ ಓದಿರುತ್ತಾರೆ.

ಗಿಟ್‌ಹಬ್‌ನಲ್ಲೂ ಅವನು ಪೂರ್ತಿ ಪಾರಾಗಿಲ್ಲ. 2016ರಲ್ಲಿ ತನ್ನ ಗಣಕದಲ್ಲಿ ಗಿಟ್‌ಗೆ ಕೊಟ್ಟ ಹೆಸರೂ ಅದೇ ಆಗಿತ್ತು, ಅದು ಹಳೆಯ ಕಮಿಟ್‌ಗಳೊಳಗೆ ಕೆತ್ತಿದಂತೆ ಕೂತಿದೆ. ರೆಪೊದಲ್ಲಿ `.mailmap` ಎಂಬ ಕಡತದಲ್ಲಿ ಒಂದು ಸಾಲು ಬರೆದಿಟ್ಟರೆ, ತಮ್ಮ ಗಣಕದಲ್ಲಿ `git log` ನೋಡುವವರಿಗೆ ಅದರ ಜಾಗದಲ್ಲಿ ಹೊಸ ಹೆಸರು ಕಾಣುತ್ತದೆ. ಆದರೆ ಆ ಕಡತವನ್ನೇ ತೆರೆದವರಿಗೆ ಎರಡೂ ಹೆಸರು ಪಕ್ಕಪಕ್ಕದಲ್ಲೇ ಸಿಗುತ್ತವೆ. ಬೇಡ ಬಿಡಿ ಮಾವ, ಅಷ್ಟು ಆಳಕ್ಕೆ ಅಗೆಯುವವರು ಕೋಡ್ ಕೂಡ ಓದಿರುತ್ತಾರೆ ಎಂದ. ನನಗೂ ಸರಿಯೆನಿಸಿತು.

ನೀವೂ ಇಂಥ ಕೆಲಸಕ್ಕೆ ಕೂರುವುದಾದರೆ, ಹೆಸರು ಬದಲಿಸುವ ಪುಟ ತೆರೆಯುವ ಮೊದಲು ಆ `git log` ಸಾಲನ್ನು ಓಡಿಸಿ ನೋಡಿ. ಬರೀ ಹೆಸರಿನ `noreply` ವಿಳಾಸ ಎಷ್ಟು ಕಮಿಟ್‌ಗಳಲ್ಲಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಹುಡುಗನ ಖಾತೆಯಲ್ಲಿ ಈಗ 146 ಫಾಲೋವರ್‌ಗಳಿದ್ದಾರೆ, ಹಸಿರು ಚೌಕಗಳ ಲೆಕ್ಕದಲ್ಲಿ 61 ಕಮಿಟ್ ಕಮ್ಮಿ.